ಮೆಚ್ಚಿದವರಿಗೆ ಮರುಮಾತು: ಜಂಬವೆನಿಸದಂತೆ, ಒಂದೇ ಸಾಲನ್ನು ತಿರುತಿರುಗಿ ಬರೆಯದಂತೆ ಧನ್ಯವಾದ ಹೇಳುವ ಬಗೆ

ಬರಹವೊಂದನ್ನು ಹಂಚಿಕೊಂಡ ಮೇಲೆ ಬರುವ ಮೆಚ್ಚುಗೆಯ ಮಾತುಗಳಿಗೆ ಏನೆಂದು ಉತ್ತರ ಬರೆಯಬೇಕು ಎಂದು ನಮ್ಮ ಓದುಗರಲ್ಲಿ ಅನೇಕರು ಕೇಳುತ್ತಲೇ ಇದ್ದಾರೆ. ಅವರ ಕಷ್ಟ ಎರಡು ಬಗೆಯದು. ಎಲ್ಲರಿಗೂ "ಧನ್ಯವಾದಗಳು" ಎಂದಷ್ಟೇ ಬರೆದರೆ ಹತ್ತನೆಯ ಸಲಕ್ಕೆ ಅದು ಠಸ್ಸೆ ಒತ್ತಿದಂತೆ ಕಾಣುತ್ತದೆ. ಸ್ವಲ್ಪ ಹೆಚ್ಚು ಬರೆಯಲು ಹೋದರೆ ತಮ್ಮನ್ನು ತಾವೇ ಹೊಗಳಿಕೊಂಡ ಹಾಗಾಗುತ್ತದೆ. ನೋಡಲು ಬೇರೆಬೇರೆಯಾದ ಈ ಎರಡು ಕಷ್ಟಗಳಿಗೆ ಕಾರಣ ಮಾತ್ರ ಒಂದೇ: ಉತ್ತರವು ಬರಹದ ವಿಷಯವನ್ನು ಬಿಟ್ಟು ಬರೆದವರ ಕಡೆಗೆ ತಿರುಗಿರುತ್ತದೆ. ಬರೆದವರು ಒಬ್ಬರೇ ಆದುದರಿಂದ ಅವರ ಬಗ್ಗೆ ಹೇಳುವ ಮಾತು ಬೇಗ ಮುಗಿದು ಮತ್ತೆ ಮತ್ತೆ ಬರುತ್ತದೆ. ವಿಷಯದ ಬಗ್ಗೆಯಾದರೆ ಪ್ರತಿಯೊಬ್ಬರಿಗೂ ಬೇರೆಯದೇ ಮಾತು ಉಳಿದಿರುತ್ತದೆ. ಮುಂದಿನ ಹಂತಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿವೆ.

ಲೇಖನದುದ್ದಕ್ಕೂ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಧಾರವಾಡದ ಒಬ್ಬ ಮಹಿಳೆ ತಮ್ಮ ತಾಯಿಯಿಂದ ಕಲಿತ ಕಸೂತಿಯ ಬಗ್ಗೆ ಎರಡು ಪುಟಗಳಷ್ಟು ಬರೆದು, ಇಳಕಲ್ ಸೀರೆಯ ಸೆರಗಿನ ಮುಂಬದಿ ಮತ್ತು ಹಿಂಬದಿಯ ಚಿತ್ರಗಳೊಂದಿಗೆ ಹಂಚಿಕೊಂಡಿದ್ದಾರೆ ಎಂದುಕೊಳ್ಳಿ. ಸಂಜೆಯೊಳಗೆ 23 ಜನ ಮೆಚ್ಚಿ ಬರೆದಿದ್ದಾರೆ. ಎಲ್ಲ ಉತ್ತರಗಳೂ ಒಂದರ ಕೆಳಗೊಂದು ಎಲ್ಲರ ಕಣ್ಣಿಗೂ ಬೀಳುವಂತಿವೆ.

ಕುಳಿತುಕೊಳ್ಳುವ ಮುನ್ನ ನಿಮಗೆ ಬೇಕಾದದ್ದು ಅರ್ಧ ಗಂಟೆಯ ಬಿಡುವು, ಒಂದು ಚೀಟಿ, ಮತ್ತು ಬರಹಕ್ಕೆ ನೆರವಾದವರ ಹೆಸರುಗಳ ನೆನಪು. ಬರಹದಲ್ಲಿ ಹೇಳದೆ ಬಿಟ್ಟ ನಾಲ್ಕೈದು ಸಣ್ಣ ಸಂಗತಿಗಳನ್ನೂ ಚೀಟಿಯ ಮೇಲೆ ಗುರುತು ಹಾಕಿಕೊಳ್ಳಿ. ಅವೇ ಮುಂದೆ ನಿಮ್ಮ ಉತ್ತರಗಳ ಬಂಡವಾಳ.

1. ಮೊದಲು ಎಲ್ಲವನ್ನೂ ಓದಿ, ಬೇರ್ಪಡಿಸಿ

ಒಂದೊಂದು ಮೆಚ್ಚುಗೆ ಬಂದ ಹಾಗೆ ಒಂದೊಂದಕ್ಕೆ ಉತ್ತರ ಬರೆಯುತ್ತ ಹೋಗಬೇಡಿ. ಹಾಗೆ ಮಾಡಿದರೆ ಮೊದಲ ಮೂವರಿಗೆ ಉದ್ದನೆಯ ಉತ್ತರ ಸಿಗುತ್ತದೆ, ಕೊನೆಯವರಿಗೆ ಬರೀ ಕೈಮುಗಿದ ಚಿತ್ರ ಸಿಗುತ್ತದೆ. ಕೊನೆಗೆ ಬರೆದವರಲ್ಲಿಯೇ ಅತ್ಯಂತ ಮನಸ್ಸಿಟ್ಟು ಓದಿದವರು ಇರಬಹುದು. ಎಲ್ಲವನ್ನೂ ಒಮ್ಮೆ ಓದಿ, ಯಾರು ಏನನ್ನು ಮೆಚ್ಚಿದ್ದಾರೆ ಎಂದು ನೋಡಿಕೊಳ್ಳಿ.

ನಮ್ಮ ಉದಾಹರಣೆಯ 23ರಲ್ಲಿ 14 ಜನ "ಸೂಪರ್", "ಭಾಳ ಛಲೋ", "ಅದ್ಭುತ" ಎಂದಷ್ಟೇ ಬರೆದಿದ್ದಾರೆ. ಐವರು ಬರಹದ ಯಾವುದೋ ಒಂದು ಸಂಗತಿಯನ್ನು ಹೆಸರಿಸಿದ್ದಾರೆ, ಇಲ್ಲವೇ ಅದರಿಂದ ತಮಗೆ ನೆನಪಾದದ್ದನ್ನು ಹೇಳಿದ್ದಾರೆ. ಮೂವರು ಬರಹಕ್ಕಿಂತ ಬರೆದವರನ್ನು ಹೊಗಳಿದ್ದಾರೆ. ಒಬ್ಬರು ಮೆಚ್ಚಿದರೂ ಜೊತೆಗೆ ಒಂದು ತಪ್ಪನ್ನು ತೋರಿಸಿದ್ದಾರೆ. ಬೇರೆಬೇರೆ ಉತ್ತರ ಬೇಕಾದದ್ದು ಈ ಒಂಬತ್ತು ಜನರಿಗೆ. ಉಳಿದ 14 ಜನರಿಗೆ ಸೇರಿ ಒಂದೇ ಉತ್ತರ ಸಾಕು, ಏಕೆಂದರೆ ಒಂದು ಪದದ ಮೆಚ್ಚುಗೆಯಲ್ಲಿ ನೀವು ಹಿಡಿದು ಮಾತಾಡಬಹುದಾದ ಎಳೆ ಇರುವುದಿಲ್ಲ. ಎಳೆಯಿಲ್ಲದ ಕಡೆ ಉದ್ದ ಬರೆಯಲು ಹೋದಾಗಲೇ ಒಂದೇ ಸಾಲು ಮರಳಿ ಮರಳಿ ಬರುತ್ತದೆ.

ಇದಕ್ಕೊಂದು ಹೊರತು ಇದೆ. ನಿಮಗೆ ಕಲಿಸಿದ ಗುರುಗಳು ಅಥವಾ ಮನೆಯ ಹಿರಿಯರು "ಚೆನ್ನಾಗಿದೆ" ಎಂದು ಒಂದೇ ಮಾತು ಬರೆದಿದ್ದರೂ ಅವರನ್ನು ಗುಂಪಿನಲ್ಲಿ ಸೇರಿಸಬೇಡಿ. ಅವರಿಗೆ ಹೇಳಲು ನಿಮ್ಮ ಬಳಿ ಯಾವಾಗಲೂ ಏನಾದರೂ ಇರುತ್ತದೆ.

2. ಕರೆಯುವ ಮಾತನ್ನು ಸರಿಯಾಗಿ ಆರಿಸಿ

ಹುಬ್ಬಳ್ಳಿ, ಗದಗ, ಹಾವೇರಿಗಳ ಕಡೆ ಮಾತು ಶುರುವಾಗುವುದೇ ಕರೆಯುವುದರಿಂದ. "ಅಕ್ಕಾರ", "ಅಣ್ಣಾರ", "ಕಾಕಾರ", "ಗುರುಗಳೆ" ಎಂಬ ಒಂದು ಪದ ಉತ್ತರದ ಮೊದಲಲ್ಲಿ ಬಂದರೆ ಅದು ಆ ಒಬ್ಬರಿಗೇ ಬರೆದದ್ದು ಎಂದು ತಕ್ಷಣ ತಿಳಿಯುತ್ತದೆ. ಅವರು ಆಡುಮಾತಿನಲ್ಲಿ ಬರೆದಿದ್ದರೆ ನೀವೂ ಆಡುಮಾತಿನಲ್ಲಿ ಬರೆಯಿರಿ. ಅವರು ಗ್ರಂಥದ ಭಾಷೆಯಲ್ಲಿ ಬರೆದಿದ್ದರೆ ನೀವೂ ಹಾಗೆಯೇ ಬರೆಯಿರಿ. "ಭಾಳ ಚೆಂದ ಬರದೀರಿ ನೋಡ್ರಿ" ಎಂದವರಿಗೆ "ತಮ್ಮ ಸಹೃದಯ ಮೆಚ್ಚುಗೆಗೆ ಅನಂತ ಕೃತಜ್ಞತೆಗಳು" ಎಂದು ಉತ್ತರಿಸಿದರೆ ಎದುರಿಗಿದ್ದವರನ್ನು ದೂರ ತಳ್ಳಿದಂತಾಗುತ್ತದೆ.

ಪರಿಚಯವಿಲ್ಲದವರ ವಯಸ್ಸನ್ನು ಊಹಿಸಿ "ಅಜ್ಜಾರ", "ಅವ್ವಾರ" ಎನ್ನಬೇಡಿ. ಹೆಸರಿನ ಬದಲು ಇನಿಶಿಯಲ್ ಮಾತ್ರ ಇದ್ದರೆ "ಸರ್" ಎಂದೂ "ಮೇಡಂ" ಎಂದೂ ಊಹಿಸುವುದು ಬೇಡ. ಹೆಸರಿನ ಮುಂದೆ "ಅವರೆ" ಎಂದರೆ ಸಾಕು, ಯಾರಿಗೂ ನೋವಾಗುವುದಿಲ್ಲ.

3. ಅವರು ಮುಟ್ಟಿದ ಎಳೆಯನ್ನೇ ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಮೆಚ್ಚಿದವರು ಬಳಸಿದ ಒಂದು ಪದವನ್ನು, ಅಥವಾ ಅವರು ಗಮನಿಸಿದ ಒಂದು ಸಂಗತಿಯನ್ನು ನಿಮ್ಮ ಉತ್ತರದಲ್ಲಿ ಮರಳಿ ಎತ್ತಿ, ಅದಕ್ಕೆ ಬರಹದಲ್ಲಿ ಇಲ್ಲದ ಒಂದು ಸಣ್ಣ ಮಾಹಿತಿಯನ್ನು ಸೇರಿಸಿ. ಧನ್ಯವಾದದ ಪದ ಮೊದಲೋ ಕೊನೆಯೋ ಒಂದು ಸಲ ಬಂದರೆ ಸಾಕು.

ಒಬ್ಬ ಓದುಗರು ಹೀಗೆ ಬರೆದಿದ್ದಾರೆ: "ಸೆರಗಿನ ಹಿಂದಿನ ಬದಿ ಚಿತ್ರ ನೋಡಿ ಅದೇ ಮುಂದಿನ ಬದಿ ಅಂದ್ಕೊಂಡಿದ್ದೆ. ಭಾಳ ಚೆಂದ ಬರದೀರಿ."

ಸಾಮಾನ್ಯವಾಗಿ ಬರುವ ಉತ್ತರ ಇದು: "ತುಂಬು ಹೃದಯದ ಧನ್ಯವಾದಗಳು. ನಾನು ಇದಕ್ಕಾಗಿ ಬಹಳ ಶ್ರಮ ಪಟ್ಟಿದ್ದೇನೆ. ನಿಮ್ಮ ಪ್ರೋತ್ಸಾಹ ಹೀಗೇ ಇರಲಿ."

ಈ ಮೂರು ವಾಕ್ಯಗಳನ್ನು ಬಿಡಿಸಿ ನೋಡಿ. ಮೊದಲನೆಯದು ಯಾರಿಗೆ ಬೇಕಾದರೂ ಹೋಗಬಹುದಾದ ಮಾತು. ಎರಡನೆಯದು ಅವರು ಕೇಳದ ಶ್ರಮದ ಲೆಕ್ಕ. ಮೂರನೆಯದು ಇನ್ನೂ ಹೊಗಳಿ ಎಂಬ ಬೇಡಿಕೆ. ವೇದಿಕೆಯ ಭಾಷಣದಲ್ಲಿ ಅದು ರೂಢಿಯ ಮಾತಾಗಿ ಹೋಗಿದೆ, ಆದರೆ ಒಬ್ಬ ಓದುಗರಿಗೆ ಬರೆಯುವಾಗ ಅದನ್ನು ಪೂರ್ತಿಯಾಗಿ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅವರು ಕಣ್ಣಿಟ್ಟು ನೋಡಿದ ಹಿಂಬದಿಯ ಬಗ್ಗೆ ಮೂರರಲ್ಲಿ ಒಂದೂ ಮಾತಿಲ್ಲ.

ಈಗ ಎಳೆ ಹಿಡಿದು ಬರೆದ ಉತ್ತರ ನೋಡಿ: "ಅಕ್ಕಾರ, ಹಿಂದಿನ ಬದಿ ನಿಮ್ಮ ಕಣ್ಣಿಗೆ ಬಿದ್ದದ್ದು ಭಾಳ ಖುಷಿ ಆತ್ರಿ. ಗವಂತಿ ಹೊಲಿಗಿಯೊಳಗ ಸೂಜಿ ಹೋದ ದಾರಿಯೊಳಗ ಹೊಳ್ಳಿ ಬಂದು, ನಡುವ ಬಿಟ್ಟ ಜಾಗಾ ತುಂಬತದ. ಅದಕ್ಕ ಎರಡೂ ಬದಿ ಒಂದ ಥರಾ ಕಾಣ್ತಾವ. ಎಲ್ಲೂ ಗಂಟು ಹಾಕಬಾರದು ಅಂತ ಅವ್ವ ಎರಡು ಸಲ ಬಿಚ್ಚಿಸಿದ್ರು. ಧನ್ಯವಾದರಿ."

ಇಲ್ಲಿ ಹೊಗಳಿಕೆಯನ್ನು ತಳ್ಳಿಹಾಕಿಲ್ಲ, ತಲೆಯ ಮೇಲೆ ಹೊತ್ತೂ ಇಲ್ಲ. ಅವರು ಬೊಟ್ಟು ಮಾಡಿದ ಕಡೆ ಹೋಗಿ ಅಲ್ಲಿಂದ ಒಂದು ಹೊಸ ಸಂಗತಿಯನ್ನು ತಂದುಕೊಟ್ಟಿದೆ. ಇದೇ ಉತ್ತರವನ್ನು ಇನ್ನೊಬ್ಬರಿಗೆ ಬರೆಯಲು ಬರುವುದಿಲ್ಲ, ಏಕೆಂದರೆ ಇನ್ನೊಬ್ಬರು ಹಿಂಬದಿಯ ಮಾತು ಎತ್ತಿಲ್ಲ. ಬೇರೆ ಬೇರೆ ಸಾಲು ಹುಡುಕುವ ಕಷ್ಟ ಹೀಗೆ ತಾನಾಗಿ ತಪ್ಪುತ್ತದೆ.

ಎರಡನೆಯ ಓದುಗರು ತೇರಿನ ಚಿತ್ತಾರದ ವರ್ಣನೆ ಹಿಡಿಸಿತು ಎಂದಿದ್ದಾರೆ. ಅವರಿಗೆ, ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕುತ್ತಾರೆ, ತೇರಿನ ಕಳಸದ ಹತ್ತಿರ ಒಂದು ಎಳೆ ತಪ್ಪಿದರೂ ಇಡೀ ತೇರು ಒಂದು ಕಡೆ ವಾಲುತ್ತದೆ ಎಂದು ಒಂದೆರಡು ವಾಕ್ಯಗಳಲ್ಲಿ ಹೇಳಬಹುದು. ಮೂರನೆಯವರು "ನಮ್ಮ ಅಜ್ಜಿಯ ಚಂದ್ರಕಾಳಿ ಸೀರೆ ನೆನಪಾಯಿತು" ಎಂದಿದ್ದಾರೆ. ಚಂದ್ರಕಾಳಿ ಎಂದರೆ ಕಪ್ಪು ನೆಲದ ಸೀರೆ. ಅದರ ಮೇಲೆ ಕಸೂತಿ ಬಹಳ ಎದ್ದು ಕಾಣುತ್ತದೆ. ಇಲ್ಲಿ ಮಾಹಿತಿ ಕೊಡುವುದಕ್ಕಿಂತ ಕೇಳುವುದು ಮೇಲು: "ಅಜ್ಜಿಯವರ ನೆನಪು ಹಂಚಿಕೊಂಡದ್ದಕ್ಕೆ ವಂದನೆಗಳು. ಆ ಸೀರೆಯ ಸೆರಗಿನಲ್ಲಿ ಯಾವ ಚಿತ್ತಾರವಿತ್ತು, ಗೋಪುರವೋ, ತುಳಸಿ ಕಟ್ಟೆಯೋ?"

ಈ ಹಂತದಲ್ಲಿ ಎಚ್ಚರ ವಹಿಸಬೇಕಾದದ್ದು ಮೂರು ಕಡೆ. ಪ್ರಶ್ನೆಯನ್ನು ಉತ್ತರ ತಿಳಿಯುವ ಮನಸ್ಸಿದ್ದರೆ ಮಾತ್ರ ಕೇಳಿ. ಅವರು ಸಾವಧಾನವಾಗಿ ಬರೆದು ಕಳಿಸಿದ ಮೇಲೆ ನೀವು ಸುಮ್ಮನಿದ್ದರೆ ಮೊದಲೇ ಕೇಳದಿದ್ದುದಕ್ಕಿಂತ ಕೆಟ್ಟದಾಗುತ್ತದೆ. ಹಾಗೆಯೇ, ಅವರ ಅಜ್ಜಿಯ ನೆನಪಿಗೆ ಉತ್ತರವಾಗಿ ನಿಮ್ಮ ಅಜ್ಜಿಯ ಕಥೆ ಶುರು ಮಾಡಬೇಡಿ. ಹೊಸ ಮಾಹಿತಿಯೂ ಎರಡು ಮೂರು ವಾಕ್ಯಗಳನ್ನು ದಾಟಬಾರದು, ದಾಟಿದರೆ ಅದು ಪಾಠವಾಗುತ್ತದೆ. ಮೆಚ್ಚಿದ್ದಕ್ಕೆ ಪಾಠ ಹೇಳಿಸಿಕೊಳ್ಳುವುದು ಯಾರಿಗೂ ಇಷ್ಟವಾಗದು.

4. "ನಾನು" ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ ತೆಗೆಯಿರಿ

ಜಂಬದ ಧ್ವನಿ ಹೆಚ್ಚಾಗಿ ಅರ್ಥದಿಂದಲ್ಲ, ವಾಕ್ಯದ ಕಟ್ಟಿನಿಂದ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಕೊನೆಯೇ ಮಾಡಿದವರು ಯಾರೆಂದು ಹೇಳಿಬಿಡುತ್ತದೆ. "ಎಣಿಸಿದೆ", "ಬರೆದಿದ್ದೇನೆ" ಎಂದರೆ ಮಾಡಿದ್ದು ನೀವೇ ಎಂದು ತಿಳಿಯಲು ಬೇರೆ ಪದ ಬೇಕಿಲ್ಲ. ಹೀಗಿರುವಾಗ "ನಾನು" ಎಂದು ಬಿಡಿಯಾಗಿ ಸೇರಿಸಿದರೆ ಆ ಪದಕ್ಕೆ ಒತ್ತು ಬೀಳುತ್ತದೆ. "ನಾನೇ" ಎಂದರಂತೂ ಬೇರೆ ಯಾರೂ ಅಲ್ಲ ಎಂಬ ಅರ್ಥ ಕೂಡಿಕೊಳ್ಳುತ್ತದೆ. "ನಾನು ಎಳೆ ಎಳೆ ಎಣಿಸಿ ಹಾಕಿದ್ದೇನೆ" ಮತ್ತು "ಎಳೆ ಎಳೆ ಎಣಿಸಿ ಹಾಕಿದ್ದು" ಎಂಬ ಎರಡನ್ನು ಗಟ್ಟಿಯಾಗಿ ಓದಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಉತ್ತರ ಬರೆದ ಮೇಲೆ "ನಾನು", "ನನ್ನ", "ನನಗೆ" ಎಷ್ಟು ಸಲ ಬಂದಿವೆ ಎಂದು ಎಣಿಸಿ. ಒಂದಕ್ಕಿಂತ ಹೆಚ್ಚಿದ್ದರೆ ತೆಗೆದು ಓದಿ ನೋಡಿ. ಬಹಳ ಸಲ ಅರ್ಥಕ್ಕೆ ಏನೂ ಕೊರತೆ ಬಂದಿರುವುದಿಲ್ಲ. "ನನಗೆ ತುಂಬಾ ಸಂತೋಷವಾಯಿತು" ಎನ್ನುವ ಕಡೆ "ಸಂತೋಷವಾಯಿತು" ಎಂಬುದೇ ಸಾಕು. ಆದರೆ ತಪ್ಪನ್ನು ಒಪ್ಪಿಕೊಳ್ಳುವಾಗ "ನಾನು" ಇರಲೇಬೇಕು. ಅದು ಏಕೆಂಬುದು ಏಳನೆಯ ಹಂತದಲ್ಲಿದೆ.

5. ವ್ಯಕ್ತಿಯನ್ನೇ ಹೊಗಳಿದಾಗ ನಿಜವಾದ ಹೆಸರು ಹೇಳಿ

"ನಿಮ್ಮಂಥ ಬರಹಗಾರರು ನಮ್ಮ ಊರಿನ ಹೆಮ್ಮೆ" ಎಂಬಂಥ ಮಾತಿಗೆ ಉತ್ತರಿಸುವುದು ಕಷ್ಟ. ಒಪ್ಪಿದರೆ ಜಂಬ, "ಅಯ್ಯೋ, ನಾನೇನೂ ಅಲ್ಲ, ಎಲ್ಲಾ ನಿಮ್ಮ ಆಶೀರ್ವಾದ" ಎಂದರೆ ಹೇಳಿದವರ ಮಾತನ್ನು ಸುಳ್ಳು ಮಾಡಿದ ಹಾಗೆ. ಅದಕ್ಕಿಂತ ಮುಖ್ಯವಾಗಿ, ಅತಿಯಾದ ವಿನಯ ಇನ್ನೊಂದು ಸುತ್ತಿನ ಹೊಗಳಿಕೆಯನ್ನು ಕರೆಯುತ್ತದೆ. "ಇಲ್ಲ, ಇಲ್ಲ, ನೀವು ದೊಡ್ಡವರು" ಎಂದು ಅವರು ಮತ್ತೆ ಬರೆಯಬೇಕಾಗುತ್ತದೆ. ಇಂಥ ಮೂರು ಸುತ್ತು ನಡೆದ ಮೇಲೆ ಮೂರನೆಯವರು ಓದಿದರೆ ಅದೆಲ್ಲ ನೀವೇ ಬೇಕೆಂದು ಕೇಳಿ ಪಡೆದಂತೆ ಕಾಣುತ್ತದೆ.

ಇಲ್ಲಿ ನೆರವಿಗೆ ಬರುವುದು ಚೀಟಿಯ ಮೇಲೆ ಬರೆದಿಟ್ಟುಕೊಂಡ ಹೆಸರುಗಳು. ಎಲ್ಲರಿಗೂ ಶ್ರೇಯಸ್ಸು ಹಂಚಿದರೆ ಯಾರಿಗೂ ಕೊಟ್ಟಂತಾಗುವುದಿಲ್ಲ. ಒಬ್ಬರಿಗೆ, ಒಂದು ನಿರ್ದಿಷ್ಟ ಕೆಲಸಕ್ಕೆ ಕೊಡಿ. ನಮ್ಮ ಉದಾಹರಣೆಯವರು ಹೀಗೆ ಬರೆಯಬಹುದು: "ಅಭಿಮಾನದಿಂದ ಹೇಳಿದ್ದೀರಿ, ವಂದನೆಗಳು. ಬರಹದಲ್ಲಿರುವ ಹೊಲಿಗೆಯ ಹೆಸರುಗಳನ್ನೆಲ್ಲ ಹೇಳಿಕೊಟ್ಟವರು ಅವ್ವ; ನಿಮ್ಮ ಮಾತನ್ನು ಸಂಜೆ ಅವರಿಗೆ ಓದಿ ಹೇಳುತ್ತೇನೆ." ಮೆಚ್ಚುಗೆಯನ್ನು ಸ್ವೀಕರಿಸಿದೆ, ನಿರಾಕರಿಸಿಲ್ಲ, ಮತ್ತು ಅದು ಸಲ್ಲಬೇಕಾದ ಇನ್ನೊಬ್ಬರ ಬಳಿಗೂ ಹೋಗಿದೆ. ಓದಿ ಹೇಳುತ್ತೇನೆ ಎಂದ ಮೇಲೆ ನಿಜವಾಗಿಯೂ ಓದಿ ಹೇಳಿ.

ಹೊಗಳಿದ ಮೂವರಿಗೂ ಅವ್ವನ ಹೆಸರನ್ನೇ ಹೇಳಿದರೆ ಅದೂ ಪುನರುಕ್ತಿಯಾಗುತ್ತದೆ. ಎರಡನೆಯವರಿಗೆ ಚಿತ್ರ ತೆಗೆದುಕೊಟ್ಟವರ ಬಗ್ಗೆ, ಮೂರನೆಯವರಿಗೆ ಕರಡನ್ನು ಓದಿ ತಿದ್ದಿದವರ ಬಗ್ಗೆ ಹೇಳಿ. ನೆರವಾದವರು ಯಾರೂ ಇಲ್ಲದಿದ್ದರೆ ಹೆಸರು ಹುಟ್ಟಿಸುವುದು ಬೇಡ. "ಇಷ್ಟು ಪ್ರೀತಿಯಿಂದ ಓದಿದ್ದೀರಿ, ಧನ್ಯವಾದ" ಎಂದು ಒಂದು ವಾಕ್ಯಕ್ಕೆ ನಿಲ್ಲಿಸಿ.

6. ಪದದ ತೂಕ ಮತ್ತು ಕಾಗುಣಿತ

ಬೇರೆ ಬೇರೆ ಕಾಣಲಿ ಎಂದು ಸಮಾನ ಪದಗಳನ್ನು ಸರದಿಯ ಮೇಲೆ ಬಳಸುವವರಿದ್ದಾರೆ: ಒಬ್ಬರಿಗೆ ಧನ್ಯವಾದ, ಮುಂದಿನವರಿಗೆ ಕೃತಜ್ಞತೆ, ಅದರ ಮುಂದಿನವರಿಗೆ ಆಭಾರಿ. ಈ ಪದಗಳ ತೂಕ ಒಂದೇ ಅಲ್ಲ. "ಧನ್ಯವಾದ", "ವಂದನೆ" ಎಲ್ಲ ಕಡೆ ಸಲ್ಲುವ ಹಗುರವಾದ ಮಾತುಗಳು. "ಕೃತಜ್ಞತೆ" ಎಂದರೆ ಮಾಡಿದ ಉಪಕಾರವನ್ನು ನೆನೆಯುವುದು. ಉಪಕಾರವಾಗಿದ್ದರೆ ಮಾತ್ರ ಅದು ಹೊಂದುತ್ತದೆ. "ಋಣಿ" ಇನ್ನೂ ಭಾರವಾದದ್ದು. ಒಂದು "ಸೂಪರ್"ಗೆ "ಸದಾ ಋಣಿ" ಎಂದರೆ ಪದವೇ ಸವೆದುಹೋಗುತ್ತದೆ. "ಆಭಾರಿ" ಎಂಬುದು ನಮ್ಮ ಭಾಗದ ಹಿರಿಯರಿಗೆ ಪರಿಚಿತ, ಮರಾಠಿಯಲ್ಲಿ "ಆಭಾರ" ನಿತ್ಯದ ಮಾತು. ಹಿರಿಯರಿಗೆ ಬರೆಯುವಾಗ ಅದು ಚೆನ್ನಾಗಿ ಒಪ್ಪುತ್ತದೆ. ನನ್ನ ಸಲಹೆಯೆಂದರೆ, "ಧನ್ಯವಾದ" ಎಂಬ ಪದ ಐದು ಉತ್ತರಗಳಲ್ಲಿ ಬಂದರೂ ಚಿಂತೆಯಿಲ್ಲ. ಅದರ ಸುತ್ತಲಿನ ವಾಕ್ಯಗಳು ಬೇರೆಯಾಗಿದ್ದರೆ ಅದು ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಕಾಗುಣಿತದಲ್ಲಿ ಒಂದು ಅಪಾಯವಿದೆ. "ಕೃತಜ್ಞ" ಎಂದರೆ ಉಪಕಾರ ನೆನೆಯುವವನು, "ಕೃತಘ್ನ" ಎಂದರೆ ಉಪಕಾರವನ್ನು ಮರೆತು ಕೆಡುಕು ಮಾಡುವವನು. ಬೆರಳಚ್ಚಿಸುವ ಅವಸರದಲ್ಲಿ "ತಮಗೆ ಕೃತಘ್ನನಾಗಿದ್ದೇನೆ" ಎಂದು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜ್ಞ ಮತ್ತು ಘ್ನ ಅಕ್ಷರಗಳ ಬಗ್ಗೆ ಅನುಮಾನವಿದ್ದರೆ "ಧನ್ಯವಾದ" ಎಂದೇ ಬರೆಯಿರಿ.

7. ಮೆಚ್ಚುಗೆಯ ಜೊತೆ ತಿದ್ದುಪಡಿ ಬಂದರೆ

23 ಜನರಲ್ಲಿ ಒಬ್ಬರು ಹೀಗೆ ಬರೆದಿದ್ದಾರೆ: "ಬರಹ ಚೆನ್ನಾಗಿದೆ. ಆದರೆ ಕಸೂತಿಯ ಎಲ್ಲ ಹೊಲಿಗೆಗಳೂ ಎರಡು ಬದಿ ಒಂದೇ ಕಾಣುತ್ತವೆ ಎಂದಿದ್ದೀರಿ. ಗವಂತಿ, ಮುರ್ಗಿಗೆ ಅದು ಸರಿ. ಮೆಂತಿ ಹೊಲಿಗೆ ಹಾಗೆ ಕಾಣುವುದಿಲ್ಲ." ಗವಂತಿ ನೇರ ಗೆರೆಯ ಹೊಲಿಗೆ, ಮುರ್ಗಿ ಮೆಟ್ಟಿಲಿನಂತೆ ಹತ್ತಿಳಿಯುವ ಹೊಲಿಗೆ, ಮೆಂತಿ ಒಂದರ ಮೇಲೊಂದು ಅಡ್ಡಹಾಯುವ ಹೊಲಿಗೆ. ಅವರು ಹೇಳಿದ್ದು ನಿಜ.

ಇಂಥವರಿಗೆ ಬಹಳ ಜನ ಮೊದಲ ಅರ್ಧಕ್ಕೆ ಮಾತ್ರ ಧನ್ಯವಾದ ಹೇಳಿ ಎರಡನೆಯ ಅರ್ಧವನ್ನು ನೋಡದವರಂತೆ ಇದ್ದುಬಿಡುತ್ತಾರೆ. ಆದರೆ ಎಲ್ಲ ಉತ್ತರಗಳಲ್ಲಿ ಮೊದಲು ಬರೆಯಬೇಕಾದದ್ದು ಇವರಿಗೆ. ಬರಹವನ್ನು ತಿದ್ದಿ, ನಂತರ ಬರೆಯಿರಿ: "ನೀವು ಹೇಳಿದ್ದು ಸರಿ, ಮೆಂತಿಯ ವಿಷಯದಲ್ಲಿ ನಾನು ತಪ್ಪು ಬರೆದಿದ್ದೆ. ಈಗ ತಿದ್ದಿದ್ದೇನೆ. ಇಷ್ಟು ಗಮನವಿಟ್ಟು ಓದಿ ತೋರಿಸಿಕೊಟ್ಟದ್ದಕ್ಕೆ ಋಣಿ." ಇಲ್ಲಿ "ನಾನು" ಬೇಕು, ಏಕೆಂದರೆ ಅದನ್ನು ತೆಗೆದು "ತಪ್ಪು ನುಸುಳಿತ್ತು" ಎಂದರೆ ತಪ್ಪು ತಾನಾಗಿ ಬಂದು ಕುಳಿತಂತೆ ಆಗುತ್ತದೆ. "ಋಣಿ" ಎಂಬ ಭಾರದ ಪದವೂ ಇಲ್ಲಿ ಹೊಂದುತ್ತದೆ, ಏಕೆಂದರೆ ಅವರು ನಿಜವಾಗಿಯೂ ನಿಮ್ಮ ಕೆಲಸವೊಂದನ್ನು ಮಾಡಿಕೊಟ್ಟಿದ್ದಾರೆ. "ನನಗೂ ಗೊತ್ತಿತ್ತು, ಬರೆಯುವಾಗ ಬಿಟ್ಟುಹೋಯಿತು" ಎಂಬ ವಿವರಣೆಯನ್ನು ಮಾತ್ರ ಸೇರಿಸಬೇಡಿ.

8. ಒಟ್ಟು ಉತ್ತರ, ಮತ್ತು ಕೊನೆಯ ಓದು

ಉಳಿದ 14 ಜನರಿಗೆ ಸೇರಿ ಬರೆಯುವ ಉತ್ತರವನ್ನು ಒಂಬತ್ತೂ ಉತ್ತರಗಳು ಮುಗಿದ ಮೇಲೆ, ಒಂದೆರಡು ದಿನಗಳೊಳಗೆ ಬರೆಯಿರಿ. ಹೆಸರುಗಳ ಪಟ್ಟಿ ಕೊಡಲು ಹೋದರೆ ಒಬ್ಬರ ಹೆಸರು ಬಿಟ್ಟೇ ಹೋಗುತ್ತದೆ; ಪಟ್ಟಿ ಬೇಡ. ಎಷ್ಟು ಜನ ಮೆಚ್ಚಿದರು ಎಂಬ ಲೆಕ್ಕವನ್ನೂ ಹೇಳಬೇಡಿ, ಅದೇ ದೊಡ್ಡ ಜಂಬ. ಇಲ್ಲಿಯೂ ವಿಷಯದ ಕಡೆಗೇ ತಿರುಗಿ: "ಓದಿ ಒಂದು ಒಳ್ಳೆಯ ಮಾತು ಹೇಳಿದ ಎಲ್ಲರಿಗೂ ಧನ್ಯವಾದಗಳು. ಮೆಂತಿ ಹೊಲಿಗೆಯ ಬಗ್ಗೆ ಬರೆದದ್ದರಲ್ಲಿ ಒಂದು ತಪ್ಪಿತ್ತು, ಓದುಗರೊಬ್ಬರ ನೆರವಿನಿಂದ ಅದನ್ನು ತಿದ್ದಲಾಗಿದೆ. ಮೊದಲೇ ಓದಿದವರು ದಯವಿಟ್ಟು ಆ ಭಾಗವನ್ನು ಮತ್ತೊಮ್ಮೆ ನೋಡಬೇಕು."

ಕಳಿಸುವ ಮುನ್ನ ಹತ್ತೂ ಉತ್ತರಗಳನ್ನು ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಗಟ್ಟಿಯಾಗಿ ಓದಿ. ಒಂದು ಉತ್ತರವನ್ನು ಇನ್ನೊಬ್ಬರ ಹೆಸರಿನ ಕೆಳಗೆ ಇಟ್ಟು ನೋಡಿದಾಗ ಅಲ್ಲಿಯೂ ಅದು ಹೊಂದುವಂತಿದ್ದರೆ ಎಳೆ ಹಿಡಿಯದೆ ಬರೆದಿದ್ದೀರಿ ಎಂದು ತಿಳಿದು ಆ ಒಂದನ್ನು ಮಾತ್ರ ಮತ್ತೆ ಬರೆಯಿರಿ. ಎರಡು ಉತ್ತರಗಳು ಒಂದೇ ಪದದಿಂದ ಶುರುವಾಗಿದ್ದರೆ ಒಂದರಲ್ಲಿ ಧನ್ಯವಾದವನ್ನು ಕೊನೆಗೆ ಸರಿಸಿ. ಇವನ್ನು ಕಳಿಸಿದ ಮೇಲೆ ಕೆಲವರು ನಿಮ್ಮ ಧನ್ಯವಾದಕ್ಕೂ ಒಂದು ಕೈಮುಗಿದ ಚಿತ್ರ ಹಾಕುತ್ತಾರೆ. ಅದಕ್ಕೆ ಮತ್ತೆ ಉತ್ತರ ಬರೆಯಬೇಕಾಗಿಲ್ಲ.